ಅಪ್‌ಡೇಟ್ ಆದ ಮೇಲೆ ಕನ್ನಡ ಕೆಟ್ಟು ಕಾಣುತ್ತಿದೆಯೇ? ತಪ್ಪು ಎಲ್ಲಿದೆ ಎಂದು ಹುಡುಕುವ ಕ್ರಮ

ಸಿಸ್ಟಮ್ ಅಪ್‌ಡೇಟ್ ಮುಗಿದ ಮೇಲೆ ಕನ್ನಡ ಬರಹ ವಿಚಿತ್ರವಾಗಿ ಕಂಡರೆ ಹೆಚ್ಚಿನವರು ಮೊದಲು ಒಂದು ಹೊಸ ಫಾಂಟ್ ಹಾಕುತ್ತಾರೆ. ಸರಿಹೋಗದಿದ್ದರೆ ಬೇರೆ ಕೀಬೋರ್ಡ್ ಹಾಕುತ್ತಾರೆ. ಅದೂ ಆಗದಿದ್ದರೆ ಕುಳಿತು ಎಲ್ಲವನ್ನೂ ಮತ್ತೆ ಟೈಪ್ ಮಾಡುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೆ ಮೂಲ ತೊಂದರೆ ಯಾವುದಿತ್ತು ಎಂದು ಪತ್ತೆ ಹಚ್ಚುವುದೇ ಕಷ್ಟ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕೆಟ್ಟಿರುವುದು ಬರಹವೋ, ಅದು ಕಾಣುವ ರೀತಿಯೋ?

ನೀವು ಒಂದು ಕೀಲಿ ಒತ್ತಿದಾಗ ಕೀಬೋರ್ಡ್ ಪ್ರೋಗ್ರಾಮ್ ಒಂದು ಸಂಖ್ಯೆಯನ್ನು ಕಳಿಸುತ್ತದೆ. ಬರಹವಾಗಿ ಫೈಲಿನಲ್ಲಿ ಉಳಿಯುವುದು ಈ ಸಂಖ್ಯೆಗಳು ಮಾತ್ರ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 0C80ರಿಂದ 0CFFವರೆಗಿನ ಜಾಗ ಕೊಟ್ಟಿದ್ದಾರೆ. ಕ ಎಂದರೆ 0C95, ರ ಎಂದರೆ 0CB0, ಅಕ್ಷರಗಳನ್ನು ಬೆಸೆಯುವ ಹಲಂತ 0CCD. ಒತ್ತಕ್ಷರಗಳಿಗೆ ಬೇರೆ ಸಂಖ್ಯೆ ಇಲ್ಲ. ಕ್ಕ ಎಂದರೆ ಕ, ಹಲಂತ, ಕ ಎಂಬ ಮೂರು ಸಂಖ್ಯೆಗಳ ಸಾಲು ಅಷ್ಟೇ. ಆ ಸಾಲನ್ನು ನೋಡಿ ಎಲ್ಲಿ ಒತ್ತು ಬರಬೇಕು, ಎಲ್ಲಿ ಅರ್ಕಾವತ್ತು ಬರಬೇಕು ಎಂದು ಲೆಕ್ಕ ಹಾಕುವ ಇನ್ನೊಂದು ಪ್ರೋಗ್ರಾಮ್ ಇದೆ. ಅದನ್ನು ಶೇಪಿಂಗ್ ಎಂಜಿನ್ ಎನ್ನುತ್ತಾರೆ. ಕೊನೆಯಲ್ಲಿ ಅಕ್ಷರಗಳ ಚಿತ್ರ ಕೊಡುವುದು ಫಾಂಟ್.

ಅಪ್‌ಡೇಟ್ ಬಂದಾಗ ಕೀಬೋರ್ಡ್, ಎಂಜಿನ್, ಫಾಂಟ್ ಮೂರೂ ಬದಲಾಗಬಹುದು. ಫೈಲಿನ ಒಳಗಿನ ಸಂಖ್ಯೆಗಳು ತಾವಾಗಿ ಬದಲಾಗುವುದಿಲ್ಲ. ಹಾಗಾಗಿ ಹಳೆಯ ಬರಹ ಕೆಟ್ಟು ಕಂಡರೆ ಅನುಮಾನ ಫಾಂಟ್ ಅಥವಾ ಎಂಜಿನ್ ಮೇಲೆ. ಹಳೆಯದು ಸರಿಯಾಗಿದ್ದು ಹೊಸದಾಗಿ ಟೈಪ್ ಮಾಡಿದ್ದು ಮಾತ್ರ ಕೆಟ್ಟರೆ ಅನುಮಾನ ಕೀಬೋರ್ಡ್ ಮೇಲೆ. ಅರ್ಧ ಪತ್ತೆ ಕೆಲಸ ಇಲ್ಲಿಗೇ ಮುಗಿಯಿತು.

## ಮೊದಲ ಹೆಜ್ಜೆ: ಸೇವ್ ಮಾಡಬೇಡಿ

ಕೆಟ್ಟು ಕಾಣುವ ಫೈಲನ್ನು ತೆರೆದಿದ್ದರೆ ಸೇವ್ ಮಾಡದೆ ಮುಚ್ಚಿ. ಅದರ ಪ್ರತಿ ಒಂದನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಂಡು ಪ್ರಯೋಗವನ್ನೆಲ್ಲ ಅದರ ಮೇಲೆ ಮಾಡಿ. ಕೆಲವು ಪ್ರೋಗ್ರಾಮ್‌ಗಳು ಮೂಲ ಫಾಂಟ್ ಸಿಗದಿದ್ದಾಗ ಬದಲಿ ಫಾಂಟಿನ ಹೆಸರನ್ನೇ ಫೈಲಿಗೆ ಬರೆದುಬಿಡುತ್ತವೆ. ಆಮೇಲೆ ಮೂಲ ಫಾಂಟ್ ಯಾವುದಿತ್ತು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ತೆರೆಯ ಒಂದು ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

## ಎರಡನೆಯ ಹೆಜ್ಜೆ: ಏನು ಕಾಣುತ್ತಿದೆ ಎಂದು ಸರಿಯಾಗಿ ನೋಡಿ

"ಕನ್ನಡ ಬರ್ತಿಲ್ಲ" ಎನ್ನುವ ಒಂದೇ ದೂರಿನ ಹಿಂದೆ ಬೇರೆ ಬೇರೆ ತೊಂದರೆಗಳಿರುತ್ತವೆ. ಕಾಣುವ ರೂಪವೇ ಕಾರಣವನ್ನು ಹೇಳುತ್ತದೆ.

ಅಕ್ಷರದ ಜಾಗದಲ್ಲಿ ಖಾಲಿ ಚೌಕ ಕಂಡರೆ ಆ ಸಂಖ್ಯೆಗೆ ಚಿತ್ರ ಇರುವ ಫಾಂಟ್ ಸಿಕ್ಕಿಲ್ಲ ಎಂದರ್ಥ. ಎಲ್ಲ ಅಕ್ಷರಗಳೂ ಚೌಕವಾದರೆ ಕನ್ನಡದ ಫಾಂಟೇ ಇಲ್ಲ. ಎಲ್ಲೋ ಒಂದು ಅಕ್ಷರ ಮಾತ್ರ ಚೌಕವಾದರೆ ಫಾಂಟ್ ಹಳೆಯದು. ಹಳಗನ್ನಡ ಟೈಪ್ ಮಾಡುವವರಿಗೆ ಇದು ಗೊತ್ತಿರುತ್ತದೆ. ಸ್ವರವಿಲ್ಲದ ನ್ ಬರೆಯುವ ನಕಾರ ಪೊಲ್ಲು ಎಂಬ ಅಕ್ಷರ ಯೂನಿಕೋಡ್‌ಗೆ ಸೇರಿದ್ದು 2021ರ 14ನೇ ಆವೃತ್ತಿಯಲ್ಲಿ, 0CDD ಎಂಬ ಜಾಗಕ್ಕೆ. ಅದಕ್ಕಿಂತ ಹಳೆಯ ಫಾಂಟಿಗೆ ಆ ಅಕ್ಷರ ಗೊತ್ತಿರುವುದಿಲ್ಲ.

ಚುಕ್ಕಿಗಳ ಸಣ್ಣ ವೃತ್ತದ ಜೊತೆ ಕೊಂಬೋ ದೀರ್ಘವೋ ನೇತಾಡುತ್ತಿದ್ದರೆ ಫಾಂಟನ್ನು ಬೈಯಬೇಡಿ. ಈ ಗುರುತನ್ನು ಯಾವ ಅಕ್ಷರಕ್ಕೆ ಕೂಡಿಸಬೇಕೋ ಗೊತ್ತಾಗಲಿಲ್ಲ ಎಂದು ಎಂಜಿನ್ ಹೇಳುವ ರೀತಿ ಅದು. ಸಂಖ್ಯೆಗಳ ಕ್ರಮ ತಪ್ಪಿದಾಗ ಇದು ಸಾಮಾನ್ಯ.

ಒತ್ತು ಕೆಳಗೆ ಹೋಗದೆ ಅಕ್ಷರಗಳೆಲ್ಲ ಹಲಂತದೊಂದಿಗೆ ಪಕ್ಕಪಕ್ಕ ನಿಂತರೆ ಎಂಜಿನ್ ಕೆಲಸ ಮಾಡುತ್ತಿಲ್ಲ, ಇಲ್ಲವೇ ಫಾಂಟಿನೊಳಗಿನ ಜೋಡಣೆಯ ನಿಯಮಗಳು ಅದಕ್ಕೆ ಸಿಗುತ್ತಿಲ್ಲ.

ಇನ್ನು ಗೊಂದಲದ ಲಿಪಿ. ಇದರಲ್ಲಿ ಎರಡು ಜಾತಿ. `PÀ£ÀßqÀ` ಎಂದು ಕಂಡರೆ ಅದು "ಕನ್ನಡ" ಎಂಬ ಪದವೇ, ಆದರೆ ನುಡಿ ಅಥವಾ ಬರಹ ಎಂಬ ಪ್ರೋಗ್ರಾಮ್‌ಗಳ ಯೂನಿಕೋಡ್ ಅಲ್ಲದ ಹಳೆಯ ಫಾಂಟಿಗಾಗಿ ಟೈಪ್ ಮಾಡಿದ್ದು. `à²•` ತರಹದ್ದು ಕಂಡರೆ ಅದು ಬೇರೆ ಕಥೆ. ಕ ಅಕ್ಷರವನ್ನು ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟ್‌ಗಳಾಗಿ ಉಳಿಸಿದ್ದಾರೆ. ತೆರೆದ ಪ್ರೋಗ್ರಾಮ್ ಅವನ್ನು ಮೂರು ಬೇರೆ ಅಕ್ಷರಗಳೆಂದು ಓದಿದೆ. ಇದಕ್ಕೆ ಫಾಂಟ್ ಹಾಕಿದರೆ ಏನೂ ಆಗುವುದಿಲ್ಲ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಆಯ್ಕೆಯಲ್ಲಿ `UTF-8` ಆರಿಸಿದರೆ ಸರಿಯಾಗುತ್ತದೆ.

## ಮೂರನೆಯ ಹೆಜ್ಜೆ: ಸಂಖ್ಯೆಗಳನ್ನೇ ನೋಡಿ

ಕಣ್ಣಿಗೆ ಕಾಣುವುದನ್ನು ನಂಬಿ ತೀರ್ಮಾನಕ್ಕೆ ಬರಬೇಡಿ. ಒಂದೇ ರೀತಿ ಕಾಣುವ ಎರಡು ಪದಗಳ ಒಳಗೆ ಬೇರೆ ಬೇರೆ ಸಂಖ್ಯೆಗಳಿರಬಹುದು. ಇದನ್ನು ನೋಡಲು ವಿಶೇಷ ಪ್ರೋಗ್ರಾಮ್ ಏನೂ ಬೇಡ. ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ `F12` ಒತ್ತಿ `Console` ತೆರೆಯಿರಿ. ಕೆಳಗಿನ ಸಾಲಿನಲ್ಲಿ "ಪದ" ಎಂದಿರುವಲ್ಲಿ ನಿಮ್ಮ ಪದವನ್ನು ಅಂಟಿಸಿ:

```js
[..."ಪದ"].map(c => c.codePointAt(0).toString(16)).join(" ")
```

ಕ್ರೋಮ್ ಮೊದಲ ಸಲ ಅಂಟಿಸಲು ಬಿಡದಿದ್ದರೆ `allow pasting` ಎಂದು ಟೈಪ್ ಮಾಡಿ ಎಂಟರ್ ಒತ್ತಬೇಕಾಗುತ್ತದೆ. ವರ್ಡ್‌ನಲ್ಲಿ ಇನ್ನೂ ಸುಲಭ. ಅಕ್ಷರ ಮುಗಿದ ಕೂಡಲೇ ಅದರ ಬಲಕ್ಕೆ ಕರ್ಸರ್ ಇಟ್ಟು `Alt+X` ಒತ್ತಿದರೆ ಅದರ ಸಂಖ್ಯೆ ಬರುತ್ತದೆ. ಮತ್ತೆ ಒತ್ತಿದರೆ ಅಕ್ಷರ ವಾಪಸ್.

ಈ ಪರೀಕ್ಷೆಯಲ್ಲಿ ಮುಖ್ಯವಾಗಿ ಹುಡುಕಬೇಕಾದದ್ದು ಎರಡು ಕಾಣದ ಅಕ್ಷರಗಳನ್ನು. 200C ಎಂಬುದು "ಮುಂದಿನ ಅಕ್ಷರವನ್ನು ಇಲ್ಲಿ ಒತ್ತಾಗಿ ಬೆಸೆಯಬೇಡ" ಎನ್ನುತ್ತದೆ. ತೆರೆಯ ಮೇಲೆ ಇದರ ಹೆಸರು `ZWNJ` ಎಂದಿರುತ್ತದೆ. 200D ಎಂಬುದು `ZWJ`. ಕನ್ನಡದಲ್ಲಿ ಇದರ ಮುಖ್ಯ ಬಳಕೆ ರ ಅಕ್ಷರದ ಜೊತೆ, ಅದಕ್ಕೆ ಮುಂದೆ ಬರುತ್ತೇನೆ. ಎರಡಕ್ಕೂ ಅಗಲವೇ ಇಲ್ಲ. ಇದ್ದರೂ ಹೋದರೂ ನೇರವಾಗಿ ಕಾಣುವುದಿಲ್ಲ. ಕೀಬೋರ್ಡ್ ಬದಲಾದಾಗ ಮೊದಲು ಕಳೆದುಹೋಗುವುದೂ ಇವೇ.

## ಒಂದೇ ಫೈಲಿನಲ್ಲಿ ಮೂರು ತೊಂದರೆ

ಒಂದು ಪುಸ್ತಕದ ವರ್ಡ್ ಫೈಲ್ ಇದೆ ಎಂದುಕೊಳ್ಳಿ. ಹಲವು ವರ್ಷಗಳಿಂದ ಅದರ ಮೇಲೆ ಕೆಲಸ ನಡೆದಿದೆ. ಹೆಚ್ಚಿನ ಭಾಗ ತುಂಗಾ ಫಾಂಟಿನಲ್ಲಿದೆ. ಅನುಬಂಧ ಮಾತ್ರ ಬೇರೆ ಯಾರೋ ಹಿಂದೆ ನುಡಿಯಲ್ಲಿ ಟೈಪ್ ಮಾಡಿ ಕೊಟ್ಟದ್ದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಅದಕ್ಕೆ ಕಂಪ್ಯೂಟರ್ ಪೂರ್ತಿ ಅಳಿಸಿ ವಿಂಡೋಸ್ 11 ಹಾಕಲಾಗಿದೆ. ಈಗ ಫೈಲ್ ತೆರೆದರೆ ಮೂರು ದೂರು: ಅಕ್ಷರ ಬೇರೆ ಥರ ಕಾಣುತ್ತಿದ್ದು ಪುಟಗಳೆಲ್ಲ ಜರುಗಿವೆ. ಅನುಬಂಧ ಓದಲಾಗುತ್ತಿಲ್ಲ. ಹೊಸದಾಗಿ ಟೈಪ್ ಮಾಡಿದ "ಸಾಫ್ಟ್‌ವೇರ್" ಪದ "ಸಾಫ್ಟ್ವೇರ್" ಎಂದು ಬರುತ್ತಿದೆ. ಮೂರಕ್ಕೂ ಒಂದೇ ಅಪ್‌ಡೇಟ್ ಕಾರಣ ಎನಿಸುತ್ತದೆ. ಆದರೆ ಮೂರಕ್ಕೂ ಮದ್ದು ಬೇರೆ.

ಜರುಗಿದ ಪುಟಗಳು. ಹಳೆಯ ವಿಂಡೋಸ್‌ನಲ್ಲಿ ಕನ್ನಡಕ್ಕೆ ತುಂಗಾ ಇರುತ್ತಿತ್ತು. ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂತು. ವಿಂಡೋಸ್ 10ರಿಂದ ತುಂಗಾವನ್ನು ಎಲ್ಲರಿಗೂ ಕೊಡುವುದು ನಿಲ್ಲಿಸಿ, ಬೇಕಾದವರು ಹಾಕಿಕೊಳ್ಳುವ ಹೆಚ್ಚುವರಿ ಪಟ್ಟಿಗೆ ಸೇರಿಸಿದರು. ನಿಮ್ಮ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದ್ದರೆ ಅದು ಬರುತ್ತದೆ, ಇಲ್ಲದಿದ್ದರೆ ಇಲ್ಲ. ಇಲ್ಲದಾಗ ವರ್ಡ್ ಸುಮ್ಮನೆ ಬೇರೆ ಫಾಂಟಿನಿಂದ ತೋರಿಸುತ್ತದೆ. ಎರಡು ಫಾಂಟ್‌ಗಳ ಅಕ್ಷರದ ಅಗಲವೂ ಸಾಲಿನ ಎತ್ತರವೂ ಬೇರೆ. ಹಾಗಾಗಿ ಸಾಲು ಮುರಿಯುವ ಜಾಗ ಬದಲಾಗುತ್ತದೆ, ಪುಟ ಬದಲಾಗುತ್ತದೆ, ಪರಿವಿಡಿಯ ಸಂಖ್ಯೆ ತಾಳೆಯಾಗುವುದಿಲ್ಲ.

ಇಲ್ಲಿ ಮೋಸ ಹೋಗುವುದು ಫಾಂಟ್ ಹೆಸರಿನ ಪೆಟ್ಟಿಗೆಯಿಂದ. ಅಲ್ಲಿ ಈಗಲೂ `Tunga` ಎಂದೇ ಇರುತ್ತದೆ. ಅದು ಫೈಲ್ ಕೇಳುತ್ತಿರುವ ಹೆಸರು, ತೆರೆಯ ಮೇಲಿರುವ ಫಾಂಟ್ ಅಲ್ಲ. ನಿಜ ತಿಳಿಯಲು ವರ್ಡ್‌ನ `Options` ಒಳಗೆ `Advanced` ಭಾಗದಲ್ಲಿ `Font Substitution` ಒತ್ತಿ. ಇಲ್ಲದ ಫಾಂಟ್ ಯಾವುದು, ಅದರ ಬದಲಿಗೆ ಯಾವುದು ಎಂದು ತೋರಿಸುತ್ತದೆ. ಲಿಬ್ರೆ ಆಫೀಸ್‌ನಲ್ಲಿ ಇಲ್ಲದ ಫಾಂಟಿನ ಹೆಸರು ಪೆಟ್ಟಿಗೆಯಲ್ಲಿ ಓರೆಯಾಗಿ ಕಾಣುತ್ತದೆ.

ಸರಿಪಡಿಸಲು `Settings` ತೆರೆದು `Optional features` ಎಂದು ಹುಡುಕಿ. ಅಲ್ಲಿ `Kannada Supplemental Fonts` ಆರಿಸಿ ಹಾಕಿಕೊಳ್ಳಿ. ವರ್ಡ್ ಮುಚ್ಚಿ ತೆರೆದರೆ ತುಂಗಾ ಬರುತ್ತದೆ. ಪುಟಗಳು ಹಳೆಯ ಜಾಗಕ್ಕೆ ಬಂದವೇ ಎಂದು ನೋಡಿ. ಒಂದೆರಡು ಸಾಲು ಆಚೀಚೆ ಆಗಿದ್ದರೆ ಅದಕ್ಕೆ ವರ್ಡ್‌ನ ಆವೃತ್ತಿಯೋ ಪ್ರಿಂಟರ್ ಬದಲಾದದ್ದೋ ಕಾರಣ ಇರಬಹುದು. ಮುದ್ರಣಕ್ಕೆ ಹೋಗುವ ಪುಸ್ತಕವಾದರೆ ಅದನ್ನು ಕಣ್ಣಿನಿಂದಲೇ ನೋಡಬೇಕು, ಬೇರೆ ದಾರಿ ಇಲ್ಲ.

ಓದಲಾಗದ ಅನುಬಂಧ. ಇಲ್ಲಿ `PÀ£ÁðlPÀ` ಎಂದು ಕಾಣುತ್ತಿದೆ. ಇದು "ಕರ್ನಾಟಕ". ಹಳೆಯ ನುಡಿ ಫಾಂಟ್ ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿತ್ತು. ಫಾಂಟ್ ಹೋಯಿತು, ಮುಖವಾಡ ಕಳಚಿತು. ಫೈಲಿನಲ್ಲಿ ಮೊದಲಿನಿಂದಲೂ ಇದ್ದದ್ದು ಈ ಯೂರೋಪಿನ ಅಕ್ಷರಗಳೇ.

ಸದ್ಯಕ್ಕೆ ಓದಬೇಕಿದ್ದರೆ `Nudi 01 e` ತರಹದ ಅದೇ ಫಾಂಟನ್ನು ಮತ್ತೆ ಹಾಕಿಕೊಂಡರೆ ಸಾಕು. ಹಾಕುವಾಗ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ `Install for all users` ಆರಿಸಿ. ವಿಂಡೋಸ್ 10ರ 1809 ಆವೃತ್ತಿಯಿಂದ ಸಾಮಾನ್ಯ `Install` ಒತ್ತಿದರೆ ಫಾಂಟ್ ನಿಮ್ಮ ಖಾತೆಗೆ ಮಾತ್ರ ಸೇರುತ್ತದೆ. ಕೆಲವು ಹಳೆಯ ಪ್ರೋಗ್ರಾಮ್‌ಗಳಿಗೆ ಅದು ಕಾಣುವುದೇ ಇಲ್ಲ. "ಫಾಂಟ್ ಹಾಕಿದ್ದೇನೆ, ಆದರೂ ಬರ್ತಿಲ್ಲ" ಎನ್ನುವವರು ಮೊದಲು ಇದನ್ನು ನೋಡಬೇಕು.

ಆದರೆ ಇನ್ನೂ ಹತ್ತು ವರ್ಷ ಬೇಕಾದ ಫೈಲ್ ಎಂದಾದರೆ ಯೂನಿಕೋಡ್‌ಗೆ ಬದಲಿಸಿ. ಪರಿವರ್ತಕ ಓಡಿಸಿದ ಮೇಲೆ ಎರಡು ಕಡೆ ಕಣ್ಣಿಡಿ. ಒಂದು ಅರ್ಕಾವತ್ತು. ಹಳೆಯ ಪದ್ಧತಿಯಲ್ಲಿ ಕಾಣುವ ಕ್ರಮದಲ್ಲೇ ಉಳಿಸುತ್ತಿದ್ದರು. ಮೇಲಿನ ಪದದಲ್ಲಿ ನಾ ಆದ ಮೇಲೆ ಅರ್ಕಾವತ್ತಿನ `ð` ಇದೆ ನೋಡಿ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಅಂದರೆ ಮೊದಲು ರ್, ಆಮೇಲೆ ನಾ. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸಬೇಕು. ಒತ್ತಕ್ಷರದ ಜೊತೆ ಅರ್ಕಾವತ್ತೂ ಇರುವಲ್ಲಿ ಕೆಲವು ಪರಿವರ್ತಕಗಳು ಎಡವುತ್ತವೆ. ಇನ್ನೊಂದು, ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳು. ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ.

ಅಂಟಿಕೊಂಡ "ಸಾಫ್ಟ್ವೇರ್". ಹಳೆಯ ಅಧ್ಯಾಯದ ಪದವನ್ನು ಕನ್ಸೋಲ್‌ಗೆ ಹಾಕಿದರೆ ಹೀಗೆ ಬರುತ್ತದೆ, ಕೆಳಗಿನದು ಹೊಸದು:

```
cb8 cbe cab ccd c9f ccd 200c cb5 cc7 cb0 ccd
cb8 cbe cab ccd c9f ccd cb5 cc7 cb0 ccd
```

ಹೊಸದರಲ್ಲಿ 200C ಇಲ್ಲ. ಹಳೆಯ ಪದ ಈಗಲೂ ಸರಿಯಾಗಿ ಕಾಣುತ್ತಿದೆ, ಹಾಗಾಗಿ ಫಾಂಟಿನ ತಪ್ಪಲ್ಲ. ಕೀಬೋರ್ಡ್ ಬದಲಾಗಿದೆ. ಮೊದಲಿದ್ದ ಕೀಬೋರ್ಡ್‌ನಲ್ಲಿ ಆ ಕಾಣದ ಅಕ್ಷರಕ್ಕೆ ಒಂದು ಕೀಲಿ ಇತ್ತು, ಬೆರಳಿಗೆ ರೂಢಿಯಾಗಿತ್ತು. ಹೊಸದರಲ್ಲಿ ಆ ಕೀಲಿಗೆ ಬೇರೆ ಕೆಲಸ.

ಯಾವ ಕೀಬೋರ್ಡ್ ನಡೆಯುತ್ತಿದೆ ಎಂದು ತಿಳಿಯಲು ಒಂದು ಸುಲಭ ಉಪಾಯ ಇದೆ. `k` ಒತ್ತಿ ನೋಡಿದರೆ ಸಾಲದು, ಏಕೆಂದರೆ ನುಡಿಯ ಕೆ.ಪಿ. ರಾವ್ ವಿನ್ಯಾಸದಲ್ಲೂ ಇನ್‌ಸ್ಕ್ರಿಪ್ಟ್‌ನಲ್ಲೂ ಅದು ಕ. ಆಮೇಲೆ `f` ಒತ್ತಿ. ಹಲಂತ ಬಂದರೆ ಅದು ಕೆ.ಪಿ. ರಾವ್ ವಿನ್ಯಾಸ. ಕ ಹೋಗಿ ಕಿ ಆದರೆ ಇನ್‌ಸ್ಕ್ರಿಪ್ಟ್, ಅದರಲ್ಲಿ ಹಲಂತಕ್ಕೆ `d`. ಇಂಗ್ಲಿಷ್ ಅಕ್ಷರಗಳು ಮೂಡಿ ಪದಗಳ ಪಟ್ಟಿ ಎದ್ದರೆ ಅದು ಫೊನೆಟಿಕ್. ವಿಂಡೋಸ್‌ನಲ್ಲಿ `Kannada Phonetic` ಬಂದದ್ದು 2019ರ ಮೇ ತಿಂಗಳ ಅಪ್‌ಡೇಟ್‌ನಲ್ಲಿ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಕೀಬೋರ್ಡ್‌ಗಳ ಪಟ್ಟಿ ಕಾಣುತ್ತದೆ. ಬೇಡದ್ದನ್ನು ಭಾಷೆಯ ಸೆಟ್ಟಿಂಗ್‌ನಲ್ಲಿ ತೆಗೆದುಹಾಕಿ. ಎರಡು ಮೂರು ಇಟ್ಟುಕೊಂಡರೆ ಅವು ನಡುವೆ ತಾವೇ ಬದಲಾದಂತೆ ಅನಿಸುತ್ತದೆ. ಸಾಮಾನ್ಯವಾಗಿ ಬೆರಳು ತಪ್ಪಿ ಬದಲಿಸಿದ್ದು ನಾವೇ.

ಸದ್ಯಕ್ಕೆ ವರ್ಡ್‌ನಲ್ಲಿ ಸಾಫ್ಟ್ ಎಂದು ಬರೆದು `200C` ಟೈಪ್ ಮಾಡಿ `Alt+X` ಒತ್ತಿ, ಆಮೇಲೆ ವೇರ್ ಬರೆದರೆ ಸರಿಯಾಗುತ್ತದೆ. ಈಗಾಗಲೇ ತಪ್ಪಾಗಿ ಬಿದ್ದಿರುವುದನ್ನು ಹುಡುಕಿ ಬದಲಿಸುವಾಗ ಇಡೀ ಪದವನ್ನೇ ಕೊಡಿ. ಹಲಂತದ ಮುಂದೆ ವ ಬಂದಲ್ಲೆಲ್ಲ 200C ಸೇರಿಸಲು ಹೋದರೆ "ತತ್ವ" ಒಡೆದು ಹೋಗುತ್ತದೆ. "ಇಂಟರ್ನೆಟ್" ಎಂದು ಅರ್ಕಾವತ್ತಿನಲ್ಲಿ ಬರೆದದ್ದನ್ನು ನಾನಂತೂ ತಿದ್ದುವುದಿಲ್ಲ, ಓದಲು ಏನೂ ತೊಡಕಿಲ್ಲ. ಆದರೆ ಒಂದೇ ಪುಸ್ತಕದಲ್ಲಿ ಎರಡೂ ರೂಪ ಇದ್ದರೆ ಕೆಲವು ಪ್ರೋಗ್ರಾಮ್‌ಗಳ ಹುಡುಕಾಟದಲ್ಲಿ ಒಂದು ಸಿಕ್ಕಿ ಇನ್ನೊಂದು ಸಿಗುವುದಿಲ್ಲ.

## ಸಂಖ್ಯೆಯೂ ಸರಿ, ಫಾಂಟೂ ಸರಿ, ಆದರೂ ಕೆಟ್ಟರೆ

ಇನ್ನು ಉಳಿದದ್ದು ಎಂಜಿನ್. ಇದರ ಪರೀಕ್ಷೆ ಸುಲಭ, ಏಕೆಂದರೆ ಎಲ್ಲ ಪ್ರೋಗ್ರಾಮ್‌ಗಳೂ ಒಂದೇ ಎಂಜಿನ್ ಬಳಸುವುದಿಲ್ಲ. ವಿಂಡೋಸ್‌ಗೆ ತನ್ನದೇ ಎಂಜಿನ್ ಇದೆ, ಆಪಲ್‌ಗೆ ತನ್ನದು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್ ಬಳಸುವುದು ಹಾರ್ಫ್‌ಬಜ್. ಲಿಬ್ರೆ ಆಫೀಸ್ 2017ರ 5.3 ಆವೃತ್ತಿಯಿಂದ ಎಲ್ಲ ಸಿಸ್ಟಮ್‌ಗಳಲ್ಲೂ ಹಾರ್ಫ್‌ಬಜ್‌ಗೆ ಬಂತು. ಹಾಗಾಗಿ ಕೆಟ್ಟ ಪದವನ್ನು ನಕಲು ಮಾಡಿ ನೋಟ್‌ಪ್ಯಾಡ್‌ನಲ್ಲೂ ಬ್ರೌಸರ್‌ನ ವಿಳಾಸದ ಪಟ್ಟಿಯಲ್ಲೂ ಅಂಟಿಸಿ ನೋಡಿ. ಒಂದರಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಎಂದಾದರೆ ಫೈಲಿಗೆ ಏನೂ ಆಗಿಲ್ಲ ಎಂದು ಧೈರ್ಯ ತಂದುಕೊಳ್ಳಬಹುದು.

ಈ ಪರೀಕ್ಷೆಗೆ ನಾನು ಆರಿಸುವ ಪದ "ರ‍್ಯಾಂಕ್". ರ್ ಮುಂದೆ ಇನ್ನೊಂದು ವ್ಯಂಜನ ಬಂದರೆ ಎಂಜಿನ್ ಅದನ್ನು ಅರ್ಕಾವತ್ತು ಮಾಡುತ್ತದೆ. ಇಲ್ಲಿ ನಮಗೆ ಅರ್ಕಾವತ್ತು ಬೇಡ, ರ ಕೆಳಗೆ ಯ ಒತ್ತು ಬೇಕು. ಅದಕ್ಕೆ ರ ಮತ್ತು ಹಲಂತದ ನಡುವೆ 200D ಹಾಕಬೇಕು: cb0 200d ccd caf. ಇದು ಯೂನಿಕೋಡ್ ಹೇಳುವ ಕ್ರಮ. ಆದರೆ ಹಲಂತ ಆದ ಮೇಲೆ 200D ಇಟ್ಟ ಬರಹಗಳೂ ಬೇಕಾದಷ್ಟಿವೆ: cb0 ccd 200d caf. ಒಂದು ಎಂಜಿನ್ ಇದನ್ನು ಕ್ಷಮಿಸಿ ಸರಿಯಾಗಿ ತೋರಿಸಬಹುದು, ಇನ್ನೊಂದು ಹಲಂತ ಕಾಣುವಂತೆ ಬಿಡಿಸಿ ತೋರಿಸಬಹುದು. ಅಪ್‌ಡೇಟ್ ಆದ ಮೇಲೆ ಇಂಥ ಪದ ಕೆಟ್ಟರೆ, ಎಂಜಿನ್ ಕೆಟ್ಟಿತು ಎನ್ನುವುದಕ್ಕಿಂತ ಕ್ಷಮಿಸುವುದನ್ನು ಬಿಟ್ಟಿತು ಎನ್ನಬೇಕು. ಕ್ರಮವನ್ನು ತಿದ್ದುವುದೇ ಪರಿಹಾರ.

ಫಾಂಟಿಗೂ ಎಂಜಿನ್‌ಗೂ ಇನ್ನೊಂದು ಒಪ್ಪಂದ ಇದೆ. ಫಾಂಟಿನೊಳಗೆ ಕನ್ನಡದ ನಿಯಮಗಳನ್ನು ಮೊದಲು `knda` ಎಂಬ ಗುರುತಿನಡಿ ಬರೆಯುತ್ತಿದ್ದರು. ಆಮೇಲೆ ಬೇರೆ ರೀತಿಯ ಜೋಡಣೆಗಾಗಿ `knd2` ಬಂತು. ಎರಡೂ ಇದ್ದರೆ ಎಂಜಿನ್ `knd2` ಆರಿಸುತ್ತದೆ. ಹಳೆಯದು ಮಾತ್ರ ಇರುವ ಫಾಂಟನ್ನು ಹೊಸ ಎಂಜಿನ್‌ಗಳು ಹಳೆಯ ರೀತಿಯಲ್ಲೇ ನಡೆಸಲು ನೋಡುತ್ತವೆ. ಆದರೂ ಎರಡು ಒತ್ತು ಇರುವ ಅಕ್ಷರಗಳಲ್ಲಿ ವ್ಯತ್ಯಾಸ ಬರಬಹುದು. "ರಾಷ್ಟ್ರ" ಬರೆದು ನೋಡಿ. ಆ ಒಂದು ಫಾಂಟಿನಲ್ಲಿ ಮಾತ್ರ ಕೆಟ್ಟು ಉಳಿದವುಗಳಲ್ಲಿ ಸರಿಯಿದ್ದರೆ ಅದರ ಹೊಸ ಆವೃತ್ತಿ ಹುಡುಕಿ. ಸಿಗದಿದ್ದರೆ ಫಾಂಟ್ ಬದಲಿಸಿ.

ಎಲ್ಲ ಅಪ್‌ಡೇಟೂ ಕೆಡಿಸುವುದಿಲ್ಲ ಅನ್ನಿ. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದು ಕೂಡಕ್ಷರ ಬಂದರೆ ಐಫೋನ್‌ನಲ್ಲಿ ಆ್ಯಪ್ ಬಿದ್ದುಹೋಗುತ್ತಿತ್ತು. ಅದನ್ನು ಸರಿಪಡಿಸಿದ್ದು ಐಒಎಸ್ 11.2.6 ಅಪ್‌ಡೇಟ್.

## ಫೋನ್ ಮತ್ತು ಲಿನಕ್ಸ್

ಫೋನ್‌ನಲ್ಲಿ ನಮ್ಮ ಕೈಯಲ್ಲಿರುವುದು ಕಡಿಮೆ. ಕೀಬೋರ್ಡ್ ಬದಲಾಗಿದ್ದರೆ ಸೆಟ್ಟಿಂಗ್‌ನಲ್ಲಿ ಯಾವ ಕೀಬೋರ್ಡ್ ಆಯ್ಕೆಯಾಗಿದೆ, ಅದರೊಳಗೆ ಕನ್ನಡ ಇದೆಯೇ ಎಂದು ನೋಡಿ. ಅಕ್ಷರ ಕೆಟ್ಟಿದ್ದರೆ ಫೋನ್‌ನ ಅಲಂಕಾರದ ಫಾಂಟ್ ತೆಗೆದು ಮೊದಲಿನದ್ದಕ್ಕೆ ಬನ್ನಿ. ಒಂದೇ ಆ್ಯಪ್‌ನಲ್ಲಿ ತೊಂದರೆ ಇದ್ದರೆ ಅದು ತನ್ನದೇ ಫಾಂಟ್ ತಂದಿರಬಹುದು.

ಲಿನಕ್ಸ್‌ನಲ್ಲಿ ಎಲ್ಲವೂ ಕಾಣುತ್ತದೆ, ಅದೇ ಅದರ ಸೊಗಸು. ಕನ್ನಡಕ್ಕೆ ಈಗ ಯಾವ ಫಾಂಟ್ ಆಯ್ಕೆಯಾಗುತ್ತಿದೆ, ಯಾವ ಕೀಬೋರ್ಡ್‌ಗಳಿವೆ ಎಂದು ಕೇಳಿ:

```
fc-match :lang=kn
ibus list-engine | grep -iE 'kannada|:kn:'
```

ಮೊದಲು ಲೋಹಿತ್ ಬರುತ್ತಿದ್ದಲ್ಲಿ ಈಗ ನೋಟೋ ಬಂದಿದ್ದರೆ ಅಕ್ಷರ ಬದಲಾಗಿ ಕಾಣುವುದಕ್ಕೆ ಕಾರಣ ಸಿಕ್ಕಿತು. ಫಾಂಟ್ ಹಾಕಿದರೂ ಕಾಣದಿದ್ದರೆ `fc-cache -f` ಓಡಿಸಿ.

## ಮುಂದಿನ ಅಪ್‌ಡೇಟ್‌ಗೆ ಮೊದಲು

ಒಂದು ಸಣ್ಣ ಪಠ್ಯ ಫೈಲ್ ಮಾಡಿಟ್ಟುಕೊಳ್ಳಿ. ಅದರಲ್ಲಿ ಸಾಫ್ಟ್‌ವೇರ್, ರ‍್ಯಾಂಕ್, ಕರ್ನಾಟಕ, ರಾಷ್ಟ್ರ, ತತ್ವ ಎಂಬ ಐದು ಪದಗಳಿದ್ದರೆ ಸಾಕು. ಈಗ ಸರಿಯಾಗಿ ಕಾಣುತ್ತಿರುವಾಗಲೇ ಅದರ ಚಿತ್ರ ತೆಗೆದು ಸಂಖ್ಯೆಗಳನ್ನೂ ಬರೆದಿಡಿ. ಮುಖ್ಯ ಫೈಲ್‌ಗಳ ಪಿಡಿಎಫ್ ಮಾಡಿಡಿ. ಅದರಲ್ಲಿ ಫಾಂಟಿನ ಚಿತ್ರಗಳು ಒಳಗೇ ಸೇರಿರುತ್ತವೆ, ಹಾಗಾಗಿ ಕಾಣುವ ರೂಪ ಬದಲಾಗುವುದಿಲ್ಲ. ಪಿಡಿಎಫ್‌ನ `Properties` ಒಳಗೆ `Fonts` ಭಾಗದಲ್ಲಿ ನಿಜವಾಗಿ ಬಳಕೆಯಾದ ಫಾಂಟಿನ ಹೆಸರೂ ಸಿಗುತ್ತದೆ.

ಅಪ್‌ಡೇಟ್ ಆದ ಮೇಲೆ ಐದರಲ್ಲಿ ಒಂದು ಪದ ಕೆಟ್ಟರೆ ಪ್ರೋಗ್ರಾಮ್ ಮಾಡಿದವರಿಗೆ ತಿಳಿಸಿ. "ಕನ್ನಡ ಸರಿಯಿಲ್ಲ" ಎಂದು ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. ಪದದ ಸಂಖ್ಯೆಗಳು, ಫಾಂಟಿನ ಹೆಸರು ಮತ್ತು ಆವೃತ್ತಿ, ಪ್ರೋಗ್ರಾಮ್‌ನ ಆವೃತ್ತಿ, ಮೊದಲಿನ ಮತ್ತು ಈಗಿನ ಎರಡು ಚಿತ್ರ ಕೊಡಿ. ಬೇರೆ ಯಾವ ಪ್ರೋಗ್ರಾಮ್‌ನಲ್ಲಿ ಅದೇ ಪದ ಸರಿಯಾಗಿ ಕಾಣುತ್ತದೆ ಎಂಬುದನ್ನೂ ಸೇರಿಸಿ. ಒಂದೇ ಫಾಂಟಿನಲ್ಲಿ ಎಲ್ಲೆಡೆ ತಪ್ಪಾದರೆ ದೂರು ಫಾಂಟ್ ಮಾಡಿದವರಿಗೆ ಹೋಗಬೇಕು, ಎಲ್ಲ ಫಾಂಟಿನಲ್ಲೂ ಒಂದೇ ಪ್ರೋಗ್ರಾಮ್‌ನಲ್ಲಿ ತಪ್ಪಾದರೆ ಆ ಪ್ರೋಗ್ರಾಮ್‌ನವರಿಗೆ.